ಆರ್‌ಡಿ ರಸೀದಿಯ ಫೋಟೊದಿಂದ ಕೈಗೆ ಬರುವ ಮೊತ್ತದವರೆಗೆ

ತಿಂಗಳಿಗೆ 2,000 ರೂಪಾಯಿಯಂತೆ ಎರಡು ವರ್ಷ ಕಟ್ಟಿದರೆ ಒಟ್ಟು 48,000. ಬಡ್ಡಿ ನೂರಕ್ಕೆ 6.80. ಹಾಗಾದರೆ ಎರಡು ವರ್ಷಕ್ಕೆ ಬಡ್ಡಿ 6,528 ರೂಪಾಯಿ ಆಗಬೇಕು ಎಂದು ಹೆಚ್ಚಿನವರು ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ. ಬ್ಯಾಂಕು ಕೊಡುವುದು ಸುಮಾರು 3,532 ಮಾತ್ರ. ಅರ್ಧದಷ್ಟು ಬಡ್ಡಿ ಎಲ್ಲಿ ಹೋಯಿತು ಎಂಬ ಅನುಮಾನ ಶುರುವಾಗುವುದು ಇಲ್ಲಿಯೇ. ಬ್ಯಾಂಕು ಏನನ್ನೂ ನುಂಗಿಲ್ಲ. 48,000 ರೂಪಾಯಿ ಎರಡು ವರ್ಷ ಬ್ಯಾಂಕಿನಲ್ಲಿ ಇರಲೇ ಇಲ್ಲ, ಅಷ್ಟೆ. ಮೊದಲ ಕಂತು 24 ತಿಂಗಳು ದುಡಿಯಿತು, ಎರಡನೆಯದು 23 ತಿಂಗಳು, ಕೊನೆಯ ಕಂತು ಒಂದೇ ತಿಂಗಳು.

ಈ ಲೆಕ್ಕದ ಪ್ರಶ್ನೆ ಈಗೀಗ ನಮ್ಮ ಮುಂದೆ ಬರುವುದು ಫೋಟೊದ ರೂಪದಲ್ಲಿ. ಊರಿನಲ್ಲಿರುವ ಅಮ್ಮನ ಆರ್‌ಡಿ ರಸೀದಿಯನ್ನು ಮಗಳು ಮೊಬೈಲಿನಲ್ಲಿ ತೆಗೆದು ವಾಟ್ಸ್ಆಪ್‌ನಲ್ಲಿ ಕಳಿಸುತ್ತಾಳೆ, ಇದಕ್ಕೆ ಎಷ್ಟು ಬರುತ್ತದೆ ಎಂದು ಕೇಳುತ್ತಾಳೆ. ಕಂತು, ಬಡ್ಡಿದರ, ಅವಧಿ ಎಂಬ ಮೂರು ಅಂಕಿ ಸಿಕ್ಕರೆ ಉತ್ತರ ಸಿಕ್ಕಂತೆ. ಆದರೆ ಮಡಚಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ ಕಾಗದದಿಂದ ಆ ಮೂರು ಅಂಕಿಗಳನ್ನು ತಪ್ಪಿಲ್ಲದೆ ಓದುವುದೇ ಕಷ್ಟದ ಭಾಗ. ಲೆಕ್ಕ ಗೊತ್ತಿದ್ದರೆ ಈ ಓದಿಗೂ ಅದರಿಂದ ಸಹಾಯವಾಗುತ್ತದೆ. ಮಸುಕಾದ ಅಂಕಿ ಯಾವುದೆಂದು ಕಣ್ಣಿಗೆ ತಿಳಿಯದಿದ್ದಾಗ ಲೆಕ್ಕ ತಿಳಿಸುತ್ತದೆ.

ನನಗೆ ಬಂದ ಅಂಥದೊಂದು ಫೋಟೊವನ್ನೇ ತೆಗೆದುಕೊಳ್ಳುತ್ತೇನೆ. ರಸೀದಿ ಹೂವಿನ ವ್ಯಾಪಾರ ಮಾಡುವ ಒಬ್ಬ ಹಿರಿಯ ಮಹಿಳೆಯದು. ಕಾಗದ ನಾಲ್ಕು ಮಡಿಕೆಯಾಗಿದೆ, ಅಕ್ಷರಗಳು ಹಳೆಯ ರಿಬ್ಬನ್ನಿನ ಪ್ರಿಂಟರಿನವು, ಚುಕ್ಕಿ ಚುಕ್ಕಿಯಾಗಿ ಮೂಡಿವೆ. ಕಂತಿನ ಮೊತ್ತ 2,000 ಎಂಬುದು ಸ್ಪಷ್ಟ. ಅವಧಿಯ ಜಾಗದಲ್ಲಿ 24 ತಿಂಗಳು, 0 ದಿನ ಎಂದಿದೆ. ಖಾತೆ ತೆರೆದದ್ದು 12-06-2023, ಮುಕ್ತಾಯ 12-06-2025. ಬಡ್ಡಿದರದ ಮೇಲೆಯೇ ಒಂದು ಮಡಿಕೆ ಹಾದುಹೋಗಿದೆ. 6.30 ಎಂದು ಓದಿದರೆ ಹಾಗೆ ಕಾಣುತ್ತದೆ, 6.80 ಎಂದು ಓದಿದರೆ ಹೀಗೂ ಕಾಣುತ್ತದೆ. ಮುಕ್ತಾಯ ಮೊತ್ತದಲ್ಲಿ ಸ್ಟೇಪ್ಲರ್ ಪಿನ್ ಕಿತ್ತ ತೂತು ಬಿದ್ದು, 51,5 ಎಂಬ ಮೊದಲ ಮೂರು ಅಂಕಿ ಉಳಿದಿವೆ.

"ಆ ಬ್ಯಾಂಕಿನ ಬೋರ್ಡಲ್ಲಿ ಆಗ 6.30 ಅಂತ ಇತ್ತಂತೆ ಸರ್, ಅದೇ ಇರ್ಬೇಕು" ಎಂದಳು ಮಗಳು. ಊಹೆ ಸಹಜವೇ. ಆದರೆ ಹಿರಿಯ ನಾಗರಿಕರಿಗೆ ಸಾಮಾನ್ಯ ದರದ ಮೇಲೆ ಅರ್ಧ ಪರ್ಸೆಂಟ್ ಹೆಚ್ಚು ಕೊಡುವುದು ನಮ್ಮ ಬ್ಯಾಂಕುಗಳಲ್ಲಿ ವಾಡಿಕೆ. ಹಾಗಾಗಿ ಅದೇ ದಿನ, ಅದೇ ಅವಧಿಗೆ, ಅರವತ್ತು ತುಂಬಿದವರಿಗೆ 6.80 ಇದ್ದಿರಬೇಕು. ಮೂರು ಮತ್ತು ಎಂಟು ಎಂಬ ಎರಡು ಅಂಕಿಗಳ ಗೊಂದಲ ಇಲ್ಲಿ ಎರಡು ನಿಜವಾದ ದರಗಳ ಮೇಲೆಯೇ ಬಂದು ಕೂತಿತ್ತು. ಎರಡೂ ನಂಬುವಂಥವೇ ಆಗಿದ್ದರಿಂದ ಊಹೆ ಸಾಲದು, ಲೆಕ್ಕವೇ ಬೇಕು.

ಮೊದಲು ಒರಟು ಲೆಕ್ಕ. 24 ತಿಂಗಳು ದುಡಿದ ಮೊದಲ ಕಂತಿನಿಂದ ಒಂದು ತಿಂಗಳು ದುಡಿದ ಕೊನೆಯ ಕಂತಿನವರೆಗೆ ತಿಂಗಳುಗಳನ್ನು ಕೂಡಿದರೆ 300 ಬರುತ್ತದೆ. ಅಂದರೆ 24 ಕಂತುಗಳಲ್ಲಿ ಪ್ರತಿಯೊಂದೂ ಸರಾಸರಿ ಹನ್ನೆರಡೂವರೆ ತಿಂಗಳು ಬ್ಯಾಂಕಿನಲ್ಲಿ ಇತ್ತು. 48,000 ರೂಪಾಯಿಗೆ 6.80ರಂತೆ ಹನ್ನೆರಡೂವರೆ ತಿಂಗಳ ಸರಳ ಬಡ್ಡಿ 3,400. ಅಸಲು ಸೇರಿ 51,400. ಕೆಲವು ಶಾಲಾ ಪಠ್ಯಗಳಲ್ಲಿ ಆರ್‌ಡಿ ಬಗ್ಗೆ ಇರುವುದು ಇದೇ ಲೆಕ್ಕ, ಕಂತುಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸುವ ಸೂತ್ರ. ಬಾಯಿಲೆಕ್ಕದ 6,528 ಯಾಕೆ ತಪ್ಪು ಎಂಬುದು ಈ ಹನ್ನೆರಡೂವರೆ ತಿಂಗಳಲ್ಲೇ ಇದೆ. ಎರಡು ವರ್ಷದ ಆರ್‌ಡಿಯಲ್ಲಿ ನಿಮ್ಮ ಹಣ ಸರಾಸರಿ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ದುಡಿಯುತ್ತದೆ.

ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಆರ್‌ಡಿಗೆ ಸರಳ ಬಡ್ಡಿ ಹಾಕುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ, ಮುಂದಿನ ತ್ರೈಮಾಸಿಕದಲ್ಲಿ ಆ ಬಡ್ಡಿಗೂ ಬಡ್ಡಿ ಕೊಡುತ್ತವೆ. ಅಂಚೆ ಕಚೇರಿಯ ಆರ್‌ಡಿಯಲ್ಲೂ ಹೀಗೆಯೇ. ಇದನ್ನು ಸೂತ್ರವಿಲ್ಲದೆ, ಅಂಗಡಿಯಲ್ಲಿರುವಂಥ ಸಾದಾ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು.

ಮೊದಲ ಮೂರು ತಿಂಗಳನ್ನು ನೋಡಿ. ಮೊದಲ ಕಂತು ಮೂರು ತಿಂಗಳು, ಎರಡನೆಯದು ಎರಡು ತಿಂಗಳು, ಮೂರನೆಯದು ಒಂದು ತಿಂಗಳು ಇರುತ್ತದೆ. ಒಟ್ಟು ಆರು ತಿಂಗಳು. 2,000 ರೂಪಾಯಿಗೆ 6.80ರ ದರದಲ್ಲಿ ಆರು ತಿಂಗಳ ಬಡ್ಡಿ 68 ರೂಪಾಯಿ. ಹಾಗಾಗಿ ಮೊದಲ ತ್ರೈಮಾಸಿಕದ ಕೊನೆಗೆ ಖಾತೆಯಲ್ಲಿ 6,068. ಮುಂದಿನ ಪ್ರತಿ ತ್ರೈಮಾಸಿಕದಲ್ಲೂ ಹೊಸ ಮೂರು ಕಂತುಗಳು ತಮ್ಮ 68 ರೂಪಾಯಿ ಬಡ್ಡಿಯೊಂದಿಗೆ ಇದೇ 6,068 ಆಗಿ ಬಂದು ಸೇರುತ್ತವೆ. ಹಳೆಯ ಬಾಕಿಗೆ ಆ ಮೂರು ತಿಂಗಳಲ್ಲಿ ವರ್ಷದ ದರದ ಕಾಲು ಭಾಗ, ಅಂದರೆ ನೂರಕ್ಕೆ 1.70 ಬಡ್ಡಿ. ಮಾಡಬೇಕಾದದ್ದು ಇಷ್ಟೆ. ಕೈಯಲ್ಲಿರುವ ಮೊತ್ತವನ್ನು 1.017ರಿಂದ ಗುಣಿಸಿ, 6,068 ಕೂಡಿಸಿ. ಎರಡನೆಯ ತ್ರೈಮಾಸಿಕಕ್ಕೆ 12,239.16 ಆಗುತ್ತದೆ, ಮೂರನೆಯದಕ್ಕೆ 18,515.22, ನಾಲ್ಕನೆಯದಕ್ಕೆ 24,897.98. ಒಂದು ವರ್ಷ ಮುಗಿಯಿತು. ಹೀಗೇ ಇನ್ನು ನಾಲ್ಕು ಸಲ ಮಾಡಿದರೆ 31,389.25, 37,990.86, 44,704.71, ಕೊನೆಗೆ 51,532.69.

ಬ್ಯಾಂಕಿನ ಗಣಕಯಂತ್ರ ಬಳಸುವ ಸೂತ್ರ ಇದನ್ನೇ ಒಂದೇ ಸಲಕ್ಕೆ ಮಾಡುತ್ತದೆ. ಎಕ್ಸೆಲ್ ಹಾಳೆಯ ಒಂದು ಖಾನೆಯಲ್ಲಿ ಹೀಗೆ ಬರೆದರೆ ಸಾಕು:

```
=2000*((1+6.8/400)^(24/3)-1)/(1-(1+6.8/400)^(-1/3))
```

ಇದರಲ್ಲಿ 2000 ಕಂತು, 6.8 ದರ, 24 ತಿಂಗಳು. ಆ ಮೂರನ್ನು ನಿಮ್ಮ ರಸೀದಿಗೆ ತಕ್ಕಂತೆ ಬದಲಿಸಿಕೊಳ್ಳಿ, ಉಳಿದದ್ದನ್ನು ಮುಟ್ಟಬೇಡಿ. ಉತ್ತರ 51,531.61. ನಮ್ಮ ಕೈಲೆಕ್ಕಕ್ಕೂ ಇದಕ್ಕೂ ಒಂದು ರೂಪಾಯಿ ಎಂಟು ಪೈಸೆ ವ್ಯತ್ಯಾಸ. ಮೂರು ತಿಂಗಳ ಒಳಗೆ ನಾವು ಸರಳ ಬಡ್ಡಿ ಹಾಕಿದೆವು, ಸೂತ್ರ ಅಲ್ಲಿಯೂ ಚಕ್ರಬಡ್ಡಿಯ ಅಂಶವನ್ನೇ ಹಾಕುತ್ತದೆ, ವ್ಯತ್ಯಾಸ ಅದರಿಂದ. ಇಂಥ ಒಂದೆರಡು ರೂಪಾಯಿಗೆ ಕೌಂಟರಿನಲ್ಲಿ ವಾದ ಬೇಡ. ಹತ್ತಾರು ರೂಪಾಯಿ ಹೆಚ್ಚುಕಡಿಮೆ ಬಂದರೆ ಮಾತ್ರ ಅಲ್ಲೊಂದು ಕಾರಣ ಇದೆ ಎಂದು ಹುಡುಕಬೇಕು.

ಈಗ ಅದೇ ಲೆಕ್ಕವನ್ನು 6.30ಕ್ಕೆ ಮಾಡಿ. ತ್ರೈಮಾಸಿಕದ ಬಡ್ಡಿ 68ರ ಬದಲು 63 ಆಗುತ್ತದೆ, ಗುಣಿಸುವ ಅಂಕಿ 1.01575. ಎಂಟು ಸುತ್ತು ಮುಗಿಸಿದಾಗ ಸುಮಾರು 51,263. ರಸೀದಿಯಲ್ಲಿ ಉಳಿದಿದ್ದ ಮೊದಲ ಮೂರು ಅಂಕಿ 51,5. ದರ 6.30 ಆಗಿದ್ದರೆ ಅಲ್ಲಿ 51,2 ಇರಬೇಕಿತ್ತು. ತೂತಿನ ಪಕ್ಕದ ಆ ಒಂದು ಐದು ಅಂಕಿಯೇ ಮಡಿಕೆಯ ಕೆಳಗಿದ್ದದ್ದು ಎಂಟು ಎಂದು ಹೇಳಿತು. ಖಾತೆ ತೆರೆಯುವಾಗ ಅಮ್ಮನಿಗೆ ಅರವತ್ತು ತುಂಬಿತ್ತೇ ಎಂದು ಕೇಳಿದೆ. ಅದೇ ವರ್ಷ ಯುಗಾದಿಯ ಹೊತ್ತಿಗೆ ತುಂಬಿತ್ತು ಎಂದಳು ಮಗಳು. ಬೋರ್ಡಿನ ದರವೂ ಸರಿ, ರಸೀದಿಯ ದರವೂ ಸರಿ.

ಮುಕ್ತಾಯ ಮೊತ್ತ ಅಚ್ಚಾಗಿರುವ ರಸೀದಿಗೆ ಮತ್ತೆ ಲೆಕ್ಕ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಕಂತು, ದರ, ಅವಧಿ, ಮುಕ್ತಾಯ ಮೊತ್ತ ಈ ನಾಲ್ಕರಲ್ಲಿ ಯಾವ ಮೂರು ಸ್ಪಷ್ಟವಾಗಿದ್ದರೂ ನಾಲ್ಕನೆಯದನ್ನು ಕಂಡುಹಿಡಿಯಬಹುದು. ನಾಲ್ಕೂ ಕಾಣುತ್ತಿದ್ದರೆ ಒಂದರ ತಪ್ಪನ್ನು ಉಳಿದ ಮೂರು ಹಿಡಿದುಕೊಡುತ್ತವೆ. ಅವಧಿಗಂತೂ ಇನ್ನೊಂದು ಸಾಕ್ಷಿಯೂ ಇದೆ. ಮುಕ್ತಾಯದ ದಿನಾಂಕದಿಂದ ತೆರೆದ ದಿನಾಂಕವನ್ನು ಕಳೆದರೆ ತಿಂಗಳ ಲೆಕ್ಕ ಸಿಗುತ್ತದೆ. ಇಲ್ಲಿ ಜನ ಎಡವುವುದು ಕೊನೆಯ ಕಂತಿನ ದಿನವನ್ನೇ ಮುಕ್ತಾಯದ ದಿನ ಎಂದುಕೊಂಡು. ಈ ಖಾತೆಯ ಇಪ್ಪತ್ನಾಲ್ಕನೆಯ ಕಂತು ಕಟ್ಟಬೇಕಾದದ್ದು 2025ರ ಮೇ 12ಕ್ಕೆ. ಹಣ ಕೈಗೆ ಬರುವುದು ಅದಾದ ಒಂದು ತಿಂಗಳಿಗೆ, ಜೂನ್ 12ಕ್ಕೆ. ಆ ಒಂದು ತಿಂಗಳಿದೆ ಎಂದೇ ಕೊನೆಯ ಕಂತಿಗೂ ಬಡ್ಡಿ ಸಿಗುತ್ತದೆ.

ಇದೇ ಒಂದು ತಿಂಗಳನ್ನು ಮರೆತರೆ ಎಕ್ಸೆಲ್ ಹಾಳೆಯೂ ದಾರಿ ತಪ್ಪಿಸುತ್ತದೆ. ಅದರಲ್ಲಿ ಇಂಥ ಲೆಕ್ಕಕ್ಕೆ ಒಂದು ಸಿದ್ಧ ಸೂತ್ರ ಇದೆ. ಅದನ್ನು ಬಲ್ಲವರು ಥಟ್ಟನೆ ಹೀಗೆ ಬರೆಯುತ್ತಾರೆ:

```
=FV(6.8%/12,24,-2000)
```

ಬರುವ ಉತ್ತರ 51,261.94. ಈ ಸೂತ್ರ ಎರಡು ವಿಷಯಗಳನ್ನು ನಮಗೆ ಹೇಳದೆಯೇ ಊಹಿಸಿಕೊಂಡಿದೆ. ಬಡ್ಡಿ ತಿಂಗಳು ತಿಂಗಳೂ ಅಸಲಿಗೆ ಸೇರುತ್ತದೆ ಎಂಬುದು ಒಂದು, ಕಂತನ್ನು ತಿಂಗಳ ಕೊನೆಗೆ ಕಟ್ಟುತ್ತಾರೆ ಎಂಬುದು ಇನ್ನೊಂದು. ಎರಡನೆಯ ಊಹೆಯಿಂದ ಪ್ರತಿ ಕಂತೂ ಒಂದೊಂದು ತಿಂಗಳ ಬಡ್ಡಿ ಕಳೆದುಕೊಳ್ಳುತ್ತದೆ. ಹೆಚ್ಚು ಅಪಾಯದ ವಿಷಯ ಏನೆಂದರೆ, ಈ ತಪ್ಪು ಉತ್ತರ 6.30ರ ಸರಿಯಾದ ಉತ್ತರಕ್ಕೆ ಒಂದು ರೂಪಾಯಿಯಷ್ಟು ಹತ್ತಿರ ಇದೆ. 51,263 ಎಂದು ರಸೀದಿಯಲ್ಲಿ ನೋಡಿದವರು ಈ ಸೂತ್ರ ಹಾಕಿದರೆ ತಮ್ಮ ದರ 6.80 ಎಂದೇ ನಂಬಿಬಿಡಬಹುದು. ಕಂತನ್ನು ತಿಂಗಳ ಮೊದಲಿಗೇ ಕಟ್ಟುತ್ತಾರೆಂದು ಸೂತ್ರಕ್ಕೆ ತಿಳಿಸಿದರೆ 51,552 ಬರುತ್ತದೆ, ಅದು ಬ್ಯಾಂಕಿನ ಮೊತ್ತಕ್ಕಿಂತ ಸುಮಾರು 20 ರೂಪಾಯಿ ಹೆಚ್ಚು. ಮೊಬೈಲಿನಲ್ಲಿ ಸಿಗುವ ಆರ್‌ಡಿ ಕ್ಯಾಲ್ಕುಲೇಟರುಗಳಲ್ಲೂ ಬಡ್ಡಿ ಸೇರುವುದು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎಂದು ಮೊದಲು ನೋಡಿಕೊಳ್ಳಬೇಕು.

ಹೀಗೆ ಒಂದೇ ಕಂತು, ಒಂದೇ ದರ, ಒಂದೇ ಅವಧಿಗೆ ಲೆಕ್ಕದ ಪದ್ಧತಿಯ ಮೇಲೆ ಮೂರು ಉತ್ತರಗಳು ಬರುತ್ತವೆ. ಸರಳ ಬಡ್ಡಿಗೆ 51,400, ತ್ರೈಮಾಸಿಕಕ್ಕೆ 51,532, ಮಾಸಿಕಕ್ಕೆ 51,552. ಸಹಕಾರ ಸಂಘದ ರಸೀದಿ ಕೈಗೆ ಬಂದಾಗ ಇದನ್ನು ನೆನಪಿಡುವುದು ಒಳ್ಳೆಯದು. ಎಲ್ಲ ಸಂಘಗಳೂ ಬ್ಯಾಂಕಿನ ಪದ್ಧತಿಯನ್ನೇ ಅನುಸರಿಸಬೇಕೆಂದಿಲ್ಲ. ಅಲ್ಲಿ 51,400 ಎಂದು ಅಚ್ಚಾಗಿದ್ದರೆ ಅದು ಮೋಸವೂ ಅಲ್ಲ, ಅಚ್ಚಿನ ತಪ್ಪೂ ಅಲ್ಲ, ಸರಳ ಬಡ್ಡಿಯ ಲೆಕ್ಕ.

ಬಡ್ಡಿದರದ ಬಗ್ಗೆ ಇನ್ನೊಂದು ಎಚ್ಚರ. ಕೆಲವು ರಸೀದಿಗಳಲ್ಲಿ ದರದ ಪಕ್ಕದಲ್ಲೇ ವಾರ್ಷಿಕ ಇಳುವರಿ ಎಂಬ ಇನ್ನೊಂದು ಅಂಕಿ ಇರುತ್ತದೆ. 6.80ರ ದರಕ್ಕೆ ಅದು 6.98 ಆಗುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷದ ಕೊನೆಗೆ ನಿಜವಾಗಿ ಬೀಳುವುದನ್ನು ಅದು ತೋರಿಸುತ್ತದೆ. ಅದನ್ನೇ ದರವೆಂದು ಸೂತ್ರಕ್ಕೆ ಹಾಕಿದರೆ ಚಕ್ರಬಡ್ಡಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಎರಡು ದರ ಕಂಡರೆ ಚಿಕ್ಕದನ್ನು ತೆಗೆದುಕೊಳ್ಳಿ.

ಅಂಚೆ ಕಚೇರಿಯ ಪಾಸ್‌ಬುಕ್ಕಿನ ಫೋಟೊ ಆದರೆ ಕೆಲಸ ಇನ್ನೂ ಸುಲಭ, ಯಾಕೆಂದರೆ ಅಲ್ಲಿ ಅವಧಿ ಐದು ವರ್ಷ ಎಂದು ನಿಗದಿಯಾಗಿದೆ, ಕಂತು ಅರವತ್ತು. ದರ ಕಾಣದಿದ್ದರೂ ತೆರೆದ ದಿನಾಂಕ ಕಂಡರೆ ಸಾಕು. ಖಾತೆ ತೆರೆದ ದಿನ ಇದ್ದ ದರವೇ ಐದು ವರ್ಷವೂ ನಡೆಯುತ್ತದೆ, ನಡುವೆ ಸರ್ಕಾರ ಏರಿಸಿದರೂ ಇಳಿಸಿದರೂ ಹಳೆಯ ಖಾತೆಗೆ ಅದು ತಟ್ಟುವುದಿಲ್ಲ. 2021 ಮತ್ತು 2022ರಲ್ಲಿ ತೆರೆದ ಖಾತೆಗಳಿಗೆ 5.8. 2023ರಲ್ಲಿ ದರ ಮೂರು ಸಲ ಏರಿತು. ಏಪ್ರಿಲ್‌ನಲ್ಲಿ 6.2, ಜುಲೈಯಲ್ಲಿ 6.5, ಅಕ್ಟೋಬರ್ 1ರಿಂದ 6.7. ತಿಂಗಳಿಗೆ 100 ರೂಪಾಯಿ ಕಟ್ಟಿದವರಿಗೆ ಐದು ವರ್ಷದ ಕೊನೆಗೆ 5.8ರ ದರದಲ್ಲಿ ಸುಮಾರು 6,970, 6.7ರ ದರದಲ್ಲಿ ಸುಮಾರು 7,137 ಬರುತ್ತದೆ. ನಿಮ್ಮ ಕಂತು ಎಷ್ಟು ನೂರೋ ಅಷ್ಟರಿಂದ ಗುಣಿಸಿಕೊಂಡರೆ ಆಯಿತು. ಬೇರೆ ಬೇರೆ ವರ್ಷ ಖಾತೆ ತೆರೆದ ಅಕ್ಕತಂಗಿಯರು ಒಂದೇ ಕಂತು ಕಟ್ಟಿಯೂ ಬೇರೆ ಬೇರೆ ಮೊತ್ತ ಪಡೆಯುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಒಂದೇ ನಂಬಿಕೆಯ ಮೇಲೆ, ಎಲ್ಲ ಕಂತುಗಳೂ ಸಮಯಕ್ಕೆ ಸರಿಯಾಗಿ ಬಿದ್ದಿವೆ ಎಂಬುದರ ಮೇಲೆ. ರಸೀದಿ ಖಾತೆ ತೆರೆದ ದಿನದ ಕಾಗದ, ಮುಂದಿನ ಎರಡು ವರ್ಷದಲ್ಲಿ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ತಡವಾದ ಕಂತಿಗೆ ಅಂಚೆ ಕಚೇರಿ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಹಾಕುತ್ತದೆ. ಬ್ಯಾಂಕುಗಳಿಗೆ ಅವುಗಳದೇ ದರ ಇದೆ. ಒಂದು ರೂಪಾಯಿ ಸಣ್ಣದಾಗಿ ಕಾಣುತ್ತದೆ, ಆದರೆ ಅದು ವರ್ಷಕ್ಕೆ ನೂರಕ್ಕೆ ಹನ್ನೆರಡು ಆಯಿತು, ಅವರು ಕೊಡುವ ಬಡ್ಡಿಗಿಂತ ಬಹಳ ಹೆಚ್ಚು. 2,000ದ ಕಂತು ಒಂದು ತಿಂಗಳು ತಡವಾದರೆ ದಂಡ 20 ರೂಪಾಯಿ, ಆ ಕಂತು 6.7ರ ದರದಲ್ಲಿ ಒಂದು ತಿಂಗಳಿಗೆ ದುಡಿಯುತ್ತಿದ್ದುದು 11 ರೂಪಾಯಿ ಚಿಲ್ಲರೆ. ಅವಧಿಗೆ ಮುನ್ನ ಖಾತೆ ಮುರಿದರಂತೂ ರಸೀದಿಯ ದರವೇ ಅನ್ವಯಿಸುವುದಿಲ್ಲ. ಅಂಚೆ ಕಚೇರಿಯಲ್ಲಿ ಮೂರು ವರ್ಷದ ನಂತರ ಮುರಿಯಬಹುದು, ಆಗ ಸಿಗುವುದು ಉಳಿತಾಯ ಖಾತೆಯ ಬಡ್ಡಿ. ಹಾಗಾಗಿ ಕಳಿಸುವವರಿಗೆ ನಾನು ಹೇಳುವುದು, ರಸೀದಿಯ ಜೊತೆಗೆ ಕಂತುಗಳ ನಮೂದಿರುವ ಪುಟದ ಫೋಟೊವನ್ನೂ ಕಳಿಸಿ ಎಂದು.

ಫೋಟೊ ತೆಗೆಯುವ ವಿಷಯದಲ್ಲಿ ಎರಡೇ ಮಾತು. ಕಾಗದವನ್ನು ಮೇಜಿನ ಮೇಲೆ ಹರವಿ, ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಲ್ಯಾಮಿನೇಟ್ ಮಾಡಿಸಿದ ರಸೀದಿಯಲ್ಲಿ ಫ್ಲಾಶ್ ಬಿಳಿಯ ಮಚ್ಚೆಯಾಗಿ ಸರಿಯಾಗಿ ಅಂಕಿಗಳ ಮೇಲೆಯೇ ಬೀಳುತ್ತದೆ. ವಾಟ್ಸ್ಆಪ್‌ನಲ್ಲಿ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಂಕಿಗಳ ಅಂಚು ಕರಗುವುದಿಲ್ಲ, ಮೂರು ಮೂರಾಗಿಯೇ ಉಳಿಯುತ್ತದೆ. ಇನ್ನೊಂದು, ಲೆಕ್ಕಕ್ಕೆ ಖಾತೆ ಸಂಖ್ಯೆಯೂ ಬೇಡ, ಗ್ರಾಹಕರ ಸಂಖ್ಯೆಯೂ ಬೇಡ, ಹೆಸರು ವಿಳಾಸವೂ ಬೇಡ. ತೆಗೆದ ಮೇಲೆ ಗೀಚಿ ಮುಚ್ಚುವುದಕ್ಕಿಂತ, ತೆಗೆಯುವ ಮೊದಲೇ ಆ ಸಾಲುಗಳ ಮೇಲೆ ಒಂದು ಕಾಗದದ ಚೂರು ಇಟ್ಟುಬಿಡಿ.

ಲೆಕ್ಕ ಸರಿಯಾಗಿದ್ದೂ ಕೈಗೆ ಬರುವ ಹಣ ಕಡಿಮೆಯಾಗಲು ಒಂದು ಕಾರಣ ಟಿಡಿಎಸ್. 2015ರ ಜೂನ್‌ನಿಂದ ಆರ್‌ಡಿಯ ಬಡ್ಡಿಯೂ ಅದರ ವ್ಯಾಪ್ತಿಗೆ ಬಂದಿದೆ. 2025ರ ಏಪ್ರಿಲ್‌ನಿಂದ ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂಪಾಯಿ ದಾಟಿದರೆ, ಹಿರಿಯ ನಾಗರಿಕರಿಗೆ 1 ಲಕ್ಷ ದಾಟಿದರೆ, ನೂರಕ್ಕೆ ಹತ್ತರಷ್ಟನ್ನು ಮುರಿದುಕೊಳ್ಳುತ್ತಾರೆ. ಹೂವಿನ ವ್ಯಾಪಾರದ ಆ ತಾಯಿಗೆ ಬೇರೆ ಠೇವಣಿ ಇರಲಿಲ್ಲ, 3,532 ರೂಪಾಯಿ ಬಡ್ಡಿಗೆ ಈ ಮಾತೇ ಬರುವುದಿಲ್ಲ.

ಅವರ ವಿಷಯದಲ್ಲಿ ಮುಖ್ಯವಾದದ್ದು ಬೇರೆಯೇ ಇತ್ತು. ಫೋಟೊ ನನಗೆ ಬಂದಾಗ ಜೂನ್ 12 ಕಳೆದು ಮೂರು ತಿಂಗಳಾಗಿತ್ತು. ಮುಕ್ತಾಯದ ನಂತರ ತೆಗೆಯದೆ ಬಿಟ್ಟ ಠೇವಣಿಗೆ ಉಳಿತಾಯ ಖಾತೆಯ ದರ ಅಥವಾ ಹಳೆಯ ಒಪ್ಪಂದದ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಟ್ಟರೆ ಸಾಕು ಎಂದು ರಿಸರ್ವ್ ಬ್ಯಾಂಕ್ 2021ರ ಜುಲೈಯಲ್ಲಿ ಹೇಳಿದೆ, ಆರ್‌ಡಿಯೂ ಅದರಲ್ಲಿ ಸೇರಿದೆ. ಉಳಿತಾಯದ ದರ 2.5 ಎಂದಿಟ್ಟುಕೊಂಡರೆ 51,532ಕ್ಕೆ ಮೂರು ತಿಂಗಳಲ್ಲಿ ಬರುವುದು 322 ರೂಪಾಯಿ. ಅದೇ ಹಣ 6.80ರಲ್ಲಿ ಮತ್ತೆ ಠೇವಣಿಯಾಗಿದ್ದರೆ 876 ಬರುತ್ತಿತ್ತು. ಮಗಳಿಗೆ ನಾನು ಮೊದಲು ಕಳಿಸಿದ್ದು ಆ ದಿನಾಂಕವನ್ನು, ಆಮೇಲೆ ಮೊತ್ತವನ್ನು.